ಕಲ್ಲಿಲ್ಲದ ಅಕ್ಕಿ

ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಎಲೆಯ ಮೇಲೆ ಇನ್ನೂ ಉಪ್ಪು ಉಪ್ಪಿನಕಾಯಿ ಮಾತ್ರ ಬಿದ್ದಿದ್ದಾಗ, ಎದುರು ಸಾಲಿನಲ್ಲಿ ಕುಳಿತಿದ್ದ ಕಾಮರ್ಸ್ ಉಪನ್ಯಾಸಕರೊಬ್ಬರು ನಾಲ್ಕು ಜನಕ್ಕೆ ಕೇಳುವಂತೆ ನನ್ನನ್ನು ಕೇಳಿದರು: "ಏನ್ ಮೇಡಂ, ಮನೆ ಪಾಠಕ್ಕೆ ಬರೋ ಹುಡುಗಿಯರಿಗೆ ನೀವು ಬೇಕು ಅಂತಲೇ ತಪ್ಪು ಲೆಕ್ಕ ಕೊಡ್ತೀರಂತೆ?" ಹೌದು ಎಂದೆ. "ಪುಸ್ತಕದಲ್ಲಿರೋ ಲೆಕ್ಕ ತೋರಿಸಿದರೂ ಇದು ಸರಿ ಇದೆಯಾ ಸಾರ್ ಅಂತ ಕೇಳ್ತಾವೆ. ಬಿ.ಎ. ಓದಿದವರು ಸಮಾಜ ವಿಜ್ಞಾನ ಹೇಳಿಕೊಂಡು ಇದ್ದರೆ ಸಾಕಿತ್ತು" ಎಂದು ನಕ್ಕರು. ಪಕ್ಕದವರೂ ನಕ್ಕರು. ಪಾಯಸ ಬಂತು, ಮಾತು ಅಲ್ಲಿಗೆ ನಿಂತಿತು. ಪಾಯಸದ ಮುಂದೆ ಜಗಳವಾಡುವ ಅಭ್ಯಾಸ ನನಗಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಬಿ.ಎ., ಬಿ.ಎಡ್. ಎಂಬುದು ನಿಜ. ಕಾಮರ್ಸ್ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ನನಗೆ ಕಿರ್ದಿ, ಖಾತೆ ಕಲಿಸಿದವರು ಅಪ್ಪ. ಅವರ ಕಿರಾಣಿ ಅಂಗಡಿಯ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳನ್ನು ಹೈಸ್ಕೂಲಿನಲ್ಲಿದ್ದಾಗಲೇ ಬರೆಯುತ್ತಿದ್ದೆ. ಈಗ ಸಂಜೆ ಹೊತ್ತು ನಮ್ಮ ಬೀದಿಯ ಏಳೆಂಟು ಪಿಯುಸಿ ಹುಡುಗಿಯರು ಜಗಲಿಯಲ್ಲಿ ಕೂತು ನನ್ನ ಹತ್ತಿರ ಅಕೌಂಟ್ಸ್ ಹೇಳಿಸಿಕೊಳ್ಳುತ್ತಾರೆ.

ಲೆಕ್ಕ ಬರೆದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಎರಡು ನಮೂದಿನ ಪದ್ಧತಿಯಲ್ಲಿ ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುತ್ತಾರೆ. ನೂರು ರೂಪಾಯಿಯ ಹಪ್ಪಳ ಮಾರಿದಿರಿ ಅನ್ನಿ. ನಗದು ಖಾತೆಯ ಎಡಗಡೆ, ಅಂದರೆ ಡೆಬಿಟ್ ಬದಿಗೆ, ನೂರು. ಮಾರಾಟದ ಖಾತೆಯ ಬಲಗಡೆ, ಅಂದರೆ ಕ್ರೆಡಿಟ್ ಬದಿಗೆ, ಅದೇ ನೂರು. ಒಂದು ಅವಧಿ ಮುಗಿದ ಮೇಲೆ ಎಲ್ಲ ಖಾತೆಗಳ ಬಾಕಿಗಳನ್ನೂ ಎರಡು ಸಾಲಿನಲ್ಲಿ ಇಳಿಸಿ ಕೂಡಿದರೆ ಎರಡೂ ಮೊತ್ತ ಸಮವಾಗಬೇಕು. ಈ ಪಟ್ಟಿಯೇ ತಾಳೆಪಟ್ಟಿ, ಟ್ರಯಲ್ ಬ್ಯಾಲೆನ್ಸ್. ಇದೇನೂ ಹೊಸದಲ್ಲ. ಇಟಲಿಯ ಪಾದ್ರಿ ಲೂಕಾ ಪಾಚೊಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ವೆನಿಸ್ಸಿನ ವರ್ತಕರ ಈ ಪದ್ಧತಿಯನ್ನು ವಿವರಿಸುವಾಗ, ಎರಡೂ ಬದಿಯ ಮೊತ್ತ ಕೂಡಿ ಹೋಲಿಸಬೇಕು, ಸಮವಾಗದಿದ್ದರೆ ಪುಸ್ತಕದಲ್ಲಿ ತಪ್ಪಿದೆ, ಹುಡುಕಬೇಕು ಎಂದು ಬರೆದಿದ್ದಾನೆ.

ಹುಡುಕಬೇಕು ಎಂಬ ಆ ಮಾತನ್ನೇ ನಾವು ಶಾಲೆ ಕಾಲೇಜುಗಳಲ್ಲಿ ಕೈಬಿಟ್ಟಿದ್ದೇವೆ. ಪುಸ್ತಕದ ಲೆಕ್ಕಗಳೆಲ್ಲ ತಾಳೆಯಾಗುವ ಲೆಕ್ಕಗಳೇ. ಲೇಖಕರು ಮನೆಯಲ್ಲಿ ಕೂತು ಅಂಕಿಗಳನ್ನು ಹೊಂದಿಸಿ, ಎರಡೂ ಬದಿ ಸರಿ ಮಾಡಿ ಅಚ್ಚಿಗೆ ಕಳಿಸಿರುತ್ತಾರೆ. ಮಗು ಕೂಡುತ್ತದೆ, ಉತ್ತರ ಬರುತ್ತದೆ, ಕೆಳಗೆ ಎರಡು ಗೆರೆ ಎಳೆಯುತ್ತದೆ. ಕಲ್ಲಿಲ್ಲದ ಅಕ್ಕಿಯನ್ನು ಮೊರಕ್ಕೆ ಹಾಕಿಕೊಟ್ಟು ಅಕ್ಕಿ ಆರಿಸುವುದನ್ನು ಕಲಿಸಿದ ಹಾಗೆ. ಅತ್ತೆಮನೆಗೆ ಹೋದ ಮೊದಲ ದಿನವೇ ಮಾವನವರ ಹಲ್ಲಿಗೆ ಕಲ್ಲು ಸಿಕ್ಕರೆ ತಪ್ಪು ಯಾರದು?

ಕಲ್ಲು ಸಿಕ್ಕ ಕಥೆ ಹೇಳುತ್ತೇನೆ. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ಊರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಳು. ಅಕ್ಷರ ಮುತ್ತಿನಂತೆ. ನನ್ನ ಮನೆಯಲ್ಲಿ ಇದ್ದಷ್ಟು ದಿನ ಅವಳ ಒಂದು ತಾಳೆಪಟ್ಟಿಯೂ ತಪ್ಪಿರಲಿಲ್ಲ. ಮೂರನೆಯ ತಿಂಗಳು ಅಂಗಡಿಯ ಪಟ್ಟಿ ತಾಳೆಯಾಗಲಿಲ್ಲ. ಡೆಬಿಟ್ ಬದಿ 630 ರೂಪಾಯಿ ಕಡಿಮೆ. ಎರಡು ದಿನ ಮತ್ತೆ ಮತ್ತೆ ಕೂಡಿದಳು. ಮಾಲೀಕರು ಪುಸ್ತಕ ಕೇಳುವ ದಿನ ಬಂತು. ಕೊನೆಗೆ ಇತರೆ ಖರ್ಚಿನ ಖಾತೆಗೆ ಸುಮ್ಮನೆ ಒಂದು ಸಾಲು ಸೇರಿಸಿ 630 ಬರೆದಳು. ಎರಡೂ ಬದಿ ಸರಿಹೋಯಿತು. ಮಾಲೀಕರು ಆ ಸಾಲಿಗೆ ಬಿಲ್ಲು ಕೇಳಿದರು. ಬಿಲ್ಲು ಎಲ್ಲಿಂದ ತರಬೇಕು? "ದುಡ್ಡು ಎಲ್ಲಿ ಹೋಯಿತು?" ಎಂದು ಅಂಗಡಿಯ ಹುಡುಗರ ಮುಂದೆಯೇ ಕೇಳಿದರು. ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಅವರಮ್ಮ ನನ್ನ ಬಳಿ ಬಂದು ಅತ್ತರು.

ಆಮೇಲೆ ಅವಳೂ ನಾನೂ ಕೂತು, ಅವಳು ನೆನಪಿನಿಂದಲೂ ತನ್ನ ಕಚ್ಚಾ ಪುಸ್ತಕದಿಂದಲೂ ಹೇಳಿದ್ದನ್ನು ಬರೆದುಕೊಂಡು ನೋಡಿದೆವು. ಒಬ್ಬ ಗಿರಾಕಿಗೆ 810 ರೂಪಾಯಿಯ ಸೀರೆ ಕಡ ಕೊಟ್ಟಿದ್ದರು. ಮಾರಾಟದ ಖಾತೆಗೆ 810 ಸರಿಯಾಗಿಯೇ ಹೋಗಿತ್ತು. ಗಿರಾಕಿಯ ಖಾತೆಗೆ ಇಳಿಸುವಾಗ ಅಂಕಿ ಅದಲುಬದಲಾಗಿ 180 ಆಗಿತ್ತು. ವ್ಯತ್ಯಾಸ 630. ಅದನ್ನು ಒಂಬತ್ತರಿಂದ ಭಾಗಿಸಿದರೆ ಶೇಷವಿಲ್ಲದೆ 70 ಬರುತ್ತದೆ. ಅಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವೇ ಆಗಿರುತ್ತದೆ. ಆ 70ರಲ್ಲಿರುವ ಏಳು ಇನ್ನೂ ಒಂದು ಗುಟ್ಟು ಹೇಳುತ್ತದೆ: ಅದಲುಬದಲಾದ ಎರಡು ಅಂಕಿಗಳ ನಡುವಿನ ಅಂತರ ಏಳು, ಮತ್ತು ಅವು ನೂರರ ಮತ್ತು ಹತ್ತರ ಸ್ಥಾನದಲ್ಲಿವೆ. ಎಂಟು ಮತ್ತು ಒಂದು, ಇಲ್ಲವೇ ಒಂಬತ್ತು ಮತ್ತು ಎರಡು, ಇಲ್ಲವೇ ಏಳು ಮತ್ತು ಸೊನ್ನೆ ಪಕ್ಕಪಕ್ಕದಲ್ಲಿರುವ ಮೊತ್ತಗಳನ್ನು ಮಾತ್ರ ನೋಡಿದ್ದರೆ ಅರ್ಧ ಗಂಟೆಯ ಕೆಲಸ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಅವಳು ಬರೆದ ಆ ಸುಳ್ಳು ಸಾಲಿಗೆ ನಗದು ಪುಸ್ತಕದಲ್ಲಿ ಜೋಡಿ ಸಾಲೇ ಇರಲಿಲ್ಲ. ಗಲ್ಲಾಪೆಟ್ಟಿಗೆಯ ದುಡ್ಡು ನಗದು ಪುಸ್ತಕದ ಬಾಕಿಗೆ ಕಾಸು ಹೆಚ್ಚುಕಡಿಮೆಯಿಲ್ಲದೆ ಹೊಂದುತ್ತಿತ್ತು. "ದುಡ್ಡು ಎಣಿಸಿ ನೋಡಿ, ಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಕಡಿಮೆ ಇಲ್ಲ" ಎಂದು ಅವಳು ಹೇಳಬಹುದಿತ್ತು. ಹೇಳಲು ಅವಳಿಗೆ ತಿಳಿದಿರಲಿಲ್ಲ. ತಾಳೆ ತಪ್ಪುವುದಕ್ಕೂ ದುಡ್ಡು ಕಳುವಾಗುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಯಾರೂ ಎಂದರೆ ನಾನು. ಎರಡು ವರ್ಷ ನಾನು ಅವಳಿಗೆ ಕಲಿಸಿದ್ದು ಇಷ್ಟೇ: ಲೆಕ್ಕ ತಾಳೆಯಾಗಬೇಕು. ಅವಳು ನನ್ನ ಪಾಠವನ್ನು ಅಕ್ಷರಶಃ ಪಾಲಿಸಿದಳು, ತಾಳೆ ಮಾಡಿದಳು.

ಪರೀಕ್ಷೆಯ ಕೋಣೆಯಲ್ಲಿ ಕೊನೆಯ ಹತ್ತು ನಿಮಿಷ ನಿಂತು ನೋಡಿದವರಿಗೆ ಇದು ಗೊತ್ತು. ಮೊತ್ತ ಕೂಡಿಬರದ ಮಗು ಎಲ್ಲಾದರೂ ಒಂದು ಅಂಕಿ ತುರುಕಿ ಸರಿ ಮಾಡುತ್ತದೆ. ಬಚ್ಚಿಡಬೇಕಾದ ಅಗತ್ಯವೂ ಇಲ್ಲ ಎನ್ನುವುದು ವಿಚಿತ್ರ. ಸಿಗದ ವ್ಯತ್ಯಾಸವನ್ನು ಇಡಲೆಂದೇ ಲೆಕ್ಕಶಾಸ್ತ್ರ ಒಂದು ಜಾಗ ಕೊಟ್ಟಿದೆ, ಅದರ ಹೆಸರು ಸಸ್ಪೆನ್ಸ್ ಖಾತೆ, ಅನಾಮತು ಖಾತೆ. ನನ್ನ ಹುಡುಗಿ 630ನ್ನು ಅಲ್ಲಿ ಬರೆದು, "ತಾಳೆಯಾಗಿಲ್ಲ, ಹುಡುಕುತ್ತಿದ್ದೇನೆ" ಎಂದಿದ್ದರೆ ಮಾಲೀಕರು ಬೈಯುತ್ತಿದ್ದರೇ ಹೊರತು ಕಳ್ಳಿ ಎನ್ನುತ್ತಿರಲಿಲ್ಲ. ಗುಂಡಿಯ ಪಕ್ಕ ಕೆಂಪು ಬಾವುಟ ನೆಡುವುದು ಬೇರೆ, ಮೇಲೆ ಎಲೆ ಮುಚ್ಚುವುದು ಬೇರೆ.

ಇನ್ನು ಪಠ್ಯಪುಸ್ತಕದವರ ಸಮರ್ಥನೆ ನೋಡೋಣ. ಪಿಯುಸಿ ಮೊದಲ ವರ್ಷದ ಪುಸ್ತಕದಲ್ಲಿ ತಾಳೆಪಟ್ಟಿಯ ಅಧ್ಯಾಯದಲ್ಲೇ ತಪ್ಪುಗಳ ತಿದ್ದುಪಡಿಯೂ ಇದೆಯಲ್ಲ ಎನ್ನುತ್ತಾರೆ. ಇದೆ. ಅದು ಹೇಗಿರುತ್ತದೆ ಗೊತ್ತೆ? "ಇಂಥವರಿಂದ ಕೊಂಡ 640 ರೂಪಾಯಿಯ ಸರಕನ್ನು ಅವರ ಖಾತೆಗೆ 460 ಎಂದು ಇಳಿಸಲಾಗಿದೆ, ಸರಿಪಡಿಸಿ" ಎಂಬ ಮಾದರಿಯದು. ತಪ್ಪು ಎಲ್ಲಿದೆ, ಎಷ್ಟಿದೆ, ಯಾರ ಖಾತೆಯಲ್ಲಿದೆ ಎಲ್ಲವನ್ನೂ ಪ್ರಶ್ನೆಯೇ ಹೇಳಿಬಿಡುತ್ತದೆ. ಕಳ್ಳನ ಹೆಸರು, ಮನೆ, ಕದ್ದ ಮಾಲು ಎಲ್ಲ ಬರೆದುಕೊಟ್ಟು ಪತ್ತೆದಾರಿಕೆ ಮಾಡು ಎಂದಂತೆ. ತಿದ್ದುವ ನಮೂದು ಬರೆಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಅದು ಕೊನೆಯ ಎರಡು ನಿಮಿಷದ ಕೆಲಸ. ಅದಕ್ಕೆ ಮೊದಲಿನ ಎರಡು ಗಂಟೆ ಯಾವ ಪುಸ್ತಕದಲ್ಲೂ ಇಲ್ಲ.

ಆ ಎರಡು ಗಂಟೆಯನ್ನು ನಾನು ಜಗಲಿಗೆ ತಂದೆ. ಒಂದು ಲೆಕ್ಕವನ್ನು ಪೂರ್ತಿ ಹೇಳುತ್ತೇನೆ, ನೀವೇ ನೋಡಿ.

ಪದ್ಮಕ್ಕ ಎಂಬ, ಈ ಲೆಕ್ಕಕ್ಕಾಗಿಯೇ ಹುಟ್ಟಿದ ಹೆಂಗಸು, ಹಪ್ಪಳದ ವ್ಯಾಪಾರ ಮಾಡುತ್ತಾಳೆ. ಮೂರು ತಿಂಗಳ ಲೆಕ್ಕ. ಹುಡುಗಿಯರಿಗೆ ನಾನು ಕೊಡುವುದು ಮೂರು ವಸ್ತು: ಖಾತೆಗಳನ್ನು ಬರೆದ ಪುಸ್ತಕ, ತಾಳೆಪಟ್ಟಿ, ಮತ್ತು ಹಳೆಯ ಲಗ್ನಪತ್ರಿಕೆಯ ಲಕೋಟೆಯಲ್ಲಿ ತುಂಬಿದ ಚೀಟಿಗಳು, ಅಂದರೆ ಬಿಲ್ಲು, ರಸೀದಿ, ಕೂಲಿ ಕೊಟ್ಟದ್ದಕ್ಕೆ ಹಾಕಿಸಿಕೊಂಡ ಸಹಿ. ಈ ಚೀಟಿಗಳಿಲ್ಲದೆ ತಪ್ಪಿನ ಲೆಕ್ಕ ಕೊಡುವುದು ವ್ಯರ್ಥ. ಪುಸ್ತಕದಲ್ಲಿ 46 ಇದೆಯೋ 64 ಇರಬೇಕಿತ್ತೋ ಎಂದು ಪುಸ್ತಕವೇ ಹೇಳಲಾರದು, ಚೀಟಿ ಹೇಳಬೇಕು. ನನ್ನನ್ನು ನೋಡಿ ತಾವೂ ತಪ್ಪು ಬಿತ್ತಲು ಹೋದ ಒಬ್ಬಿಬ್ಬರು ಎಡವಿದ್ದು ಇಲ್ಲೇ. ಚೀಟಿ ಕೊಡಲಿಲ್ಲ, ಮಕ್ಕಳು ಮೇಷ್ಟರ ಮನಸ್ಸನ್ನು ಊಹಿಸುತ್ತ ಕೂತರು.

ತಾಳೆಪಟ್ಟಿಯ ಡೆಬಿಟ್ ಬದಿಯಲ್ಲಿ ನಗದು 8,650, ಉದ್ದಿನ ಹಿಟ್ಟು ಮುಂತಾದ ಖರೀದಿ 24,600, ಬಾಡಿಗೆ 3,000, ಕೂಲಿ 4,600, ಹಿಟ್ಟು ಕಲಸುವ ಯಂತ್ರ 18,000, ಅಂಗಡಿಗಳಿಂದ ಬರಬೇಕಾದ ಬಾಕಿ 7,950. ಒಟ್ಟು 66,800. ಕ್ರೆಡಿಟ್ ಬದಿಯಲ್ಲಿ ಬಂಡವಾಳ 24,000, ಮಾರಾಟ 38,800, ಹಿಟ್ಟಿನ ಗಿರಣಿಯವರಿಗೆ ಕೊಡಬೇಕಾದದ್ದು 5,100. ಒಟ್ಟು 67,900. ವ್ಯತ್ಯಾಸ 1,100.

ಹುಡುಗಿಯರು ಮೊದಲು ಎರಡೂ ಸಾಲನ್ನು ಕೆಳಗಿನಿಂದ ಮೇಲಕ್ಕೆ ಕೂಡುತ್ತಾರೆ. ಮೇಲಿನಿಂದ ಕೂಡುವಾಗ ಆದ ತಪ್ಪು ಅದೇ ದಾರಿಯಲ್ಲಿ ಹೋದರೆ ಮತ್ತೆ ಆಗುತ್ತದೆ, ಅದಕ್ಕೆ ತಿರುಗಿಸಿ ಕೂಡಬೇಕು. ಕೂಡಿದ್ದು ಸರಿಯಿದೆ. ಪುಸ್ತಕದ ಖಾತೆಗಳೆಲ್ಲ ಪಟ್ಟಿಗೆ ಬಂದಿವೆಯೇ, ಸರಿಯಾದ ಬದಿಗೆ ಬಂದಿವೆಯೇ? ಬಂದಿವೆ. 1,100 ರೂಪಾಯಿಯದೇ ಒಂದು ಚೀಟಿ ಇದೆಯೇ, ಎಲ್ಲಾದರೂ ಒಂದೇ ಬದಿಗೆ ಬಿಟ್ಟುಹೋಗಿದೆಯೇ? ಇಲ್ಲ. ಆಮೇಲೆ ಅರ್ಧ ಮಾಡುತ್ತಾರೆ. ಒಂದು ಮೊತ್ತವನ್ನು ಎಡಕ್ಕೆ ಬರೆಯುವ ಬದಲು ಬಲಕ್ಕೆ ಬರೆದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. ಹಾಗಾಗಿ 550ರ ಚೀಟಿ ಹುಡುಕಬೇಕು. ಅದೂ ಇಲ್ಲ. ಒಂಬತ್ತರಿಂದ ಭಾಗಿಸುತ್ತಾರೆ. 1,100 ಒಂಬತ್ತಕ್ಕೆ ಸಿಗುವುದಿಲ್ಲ, ಎರಡು ಉಳಿಯುತ್ತದೆ.

ಇಲ್ಲಿ ಜಗಲಿ ಸ್ತಬ್ಧ. ಕಲಿತ ಸೂತ್ರಗಳೆಲ್ಲ ಮುಗಿದಿವೆ. ಯಾಕೆಂದರೆ ನಾನು ಒಂದಲ್ಲ, ಎರಡು ತಪ್ಪು ಬಿತ್ತಿದ್ದೇನೆ. ಒಂದು ತಪ್ಪಿದ್ದಾಗ ಮಾತ್ರ ಒಂಬತ್ತೂ ಅರ್ಧವೂ ಮಾತಾಡುತ್ತವೆ. ಎರಡು ಸೇರಿದರೆ ಒಂದು ಇನ್ನೊಂದರ ಬಾಯಿ ಮುಚ್ಚುತ್ತದೆ. ಆಗ ಉಳಿಯುವುದು ಬೇಸರದ ದಾರಿಯೊಂದೇ: ಒಂದೊಂದೇ ಚೀಟಿ ಕೈಗೆತ್ತಿಕೊಂಡು, ಅದು ಪುಸ್ತಕದ ಎರಡು ಕಡೆ ಸರಿಯಾಗಿ ಇಳಿದಿದೆಯೇ ನೋಡಿ, ಬಣ್ಣದ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗುವುದು. ಒಬ್ಬಳು ಚೀಟಿ ಓದುತ್ತಾಳೆ, ಇನ್ನೊಬ್ಬಳು ಪುಸ್ತಕ ನೋಡುತ್ತಾಳೆ. ಓದಿದವಳೇ ಪುಸ್ತಕ ನೋಡಬಾರದು, ಕಣ್ಣು ತಾನು ನೆನೆದದ್ದನ್ನೇ ಕಾಣುತ್ತದೆ.

ಕಾಲು ಗಂಟೆಯಲ್ಲಿ ಕೂಲಿಯ ಚೀಟಿ ಸಿಗುತ್ತದೆ. ಹಬ್ಬದ ಮುಂಚೆ ಒಟ್ಟಿಗೆ ಕೊಟ್ಟದ್ದು 6,400, ಖಾತೆಯಲ್ಲಿರುವುದು 4,600. ತಿದ್ದಿದರೆ ಡೆಬಿಟ್ ಬದಿ 68,600 ಆಗುತ್ತದೆ. ಈಗ ಡೆಬಿಟ್ಟೇ 700 ಹೆಚ್ಚು! "ಅಯ್ಯೋ ಟೀಚರ್, ಇನ್ನೂ ಕೆಟ್ಟುಹೋಯ್ತು" ಎಂದು ಒಬ್ಬಳು ಪ್ರತಿ ಬಾರಿಯೂ ಕೂಗುತ್ತಾಳೆ. ಕೆಟ್ಟಿಲ್ಲ ಕಣೇ, ಈಗ ಒಂದೇ ತಪ್ಪು ಉಳಿದಿದೆ, ಅದಕ್ಕೇ ಬಾಯಿ ಬಂದಿದೆ. 700ರ ಅರ್ಧ 350. ಲಕೋಟೆಯಲ್ಲಿ 350ರ ಒಂದು ರಸೀದಿ ಇದೆ: ಒಂದು ಅಂಗಡಿಯವರು ಹಳೆ ಬಾಕಿಗೆ ಕೊಟ್ಟ ದುಡ್ಡು. ಅವರ ಖಾತೆಯಲ್ಲಿದ್ದ 1,900ರಿಂದ ಅದನ್ನು ಕಳೆದು 1,550 ಆಗಬೇಕಿತ್ತು. ಪದ್ಮಕ್ಕ ಎಡಬದಿಗೆ ಬರೆದು 2,250 ಮಾಡಿಬಿಟ್ಟಿದ್ದಾಳೆ. ಬಾಕಿ ತೀರಿಸಲು ಬಂದವರ ಮೇಲೆ ಇನ್ನಷ್ಟು ಬಾಕಿ ಹೊರಿಸಿದಂತಾಯಿತು. ಇದನ್ನು ತಿದ್ದಿದರೆ ಬರಬೇಕಾದ ಬಾಕಿ 7,250. ಎರಡೂ ಬದಿ 67,900.

ಚಪ್ಪಾಳೆ. ಪುಸ್ತಕ ಮುಚ್ಚುತ್ತಾರೆ. ನಾನು ಹೇಳುತ್ತೇನೆ: "ಮುಚ್ಚಬೇಡಿ. ಇನ್ನೂ ಎರಡಿವೆ."

ಈ ಸಂಜೆಗಳಲ್ಲಿ ನನಗೆ ಬೇಕಾದ ಕ್ಷಣ ಇದು. ತಾಳೆಯಾದ ಪಟ್ಟಿಯಲ್ಲಿ ತಪ್ಪು ಹೇಗಿರುತ್ತದೆ ಎಂದು ಅವರ ಮುಖಗಳು ಕೇಳುತ್ತವೆ. ಗುರುತು ಬೀಳದೆ ಉಳಿದ ಚೀಟಿಗಳನ್ನು ನೋಡಿ ಎನ್ನುತ್ತೇನೆ. ಒಂದು ಸಿಗುತ್ತದೆ: ಒಂದು ಅಂಗಡಿಗೆ 480 ರೂಪಾಯಿಯ ಹಪ್ಪಳ ಕಡ ಕೊಟ್ಟ ಬಿಲ್ಲು. ಅದು ಪುಸ್ತಕದ ಎರಡೂ ಕಡೆ ಬಂದೇ ಇಲ್ಲ. ಎರಡೂ ಕಡೆ ಬಿಟ್ಟುಹೋದದ್ದರಿಂದ ತಾಳೆಗೆ ಏನೂ ಅನಿಸಲಿಲ್ಲ. ಪದ್ಮಕ್ಕ ಆ 480ನ್ನು ಎಂದೂ ಕೇಳುತ್ತಿರಲಿಲ್ಲ, ಆ ಅಂಗಡಿಯವರು ತಾವಾಗಿ ಜ್ಞಾಪಿಸುವಷ್ಟು ಒಳ್ಳೆಯವರೇ ಎಂಬುದು ದೇವರಿಗೆ ಗೊತ್ತು.

ನಾಲ್ಕನೆಯದಕ್ಕೆ ಗುರುತು ಬಿದ್ದಿರುತ್ತದೆ, ಆದರೂ ತಪ್ಪು. ಮೂರನೆಯ ತಿಂಗಳು ಯಂತ್ರದ ಬೆಲ್ಟು, ಬೇರಿಂಗು ಬದಲಿಸಿದ್ದಕ್ಕೆ ಕೊಟ್ಟ 1,200ನ್ನು ಯಂತ್ರದ ಖಾತೆಗೇ ಬರೆದಿದ್ದಾಳೆ. ಯಂತ್ರ ಕೊಂಡದ್ದು 16,800ಕ್ಕೆ, ಪಟ್ಟಿಯಲ್ಲಿ 18,000. ಬದಿ ಸರಿ, ಮೊತ್ತ ಸರಿ, ಮನೆ ತಪ್ಪು. ಸವೆದದ್ದನ್ನು ಸರಿಮಾಡಿಸಿದ ದುಡ್ಡು ಖರ್ಚೇ ಹೊರತು ಆಸ್ತಿಯಲ್ಲ. ಕಳೆದ ಸಲ ಒಬ್ಬ ಹುಡುಗಿ, "ಹಳೇ ಯಂತ್ರ ಕೊಂಡು, ಉಪಯೋಗಿಸೋದಕ್ಕೆ ಮೊದಲೇ ರಿಪೇರಿ ಮಾಡಿಸಿದ್ದರೆ ಟೀಚರ್?" ಎಂದಳು. ಆಗ ಅದು ಯಂತ್ರದ ಖಾತೆಗೇ ಹೋಗಬೇಕು, ಕೆಲಸಕ್ಕೆ ಬರುವಂತೆ ಮಾಡುವವರೆಗಿನ ವೆಚ್ಚ ಯಂತ್ರದ ಬೆಲೆಯಲ್ಲೇ ಸೇರುತ್ತದೆ. ಆ ಪ್ರಶ್ನೆಯನ್ನು ತಾಳೆಯಾಗುವ ಲೆಕ್ಕ ಮಾಡಿದವರು ನನ್ನನ್ನು ಎಂದೂ ಕೇಳಿರಲಿಲ್ಲ.

ಈಗ ಫಲಿತಾಂಶ ನೋಡಿ. ಮಾಲು ಯಾವುದೂ ಉಳಿದಿಲ್ಲ, ಯಂತ್ರದ ಸವಕಳಿಯನ್ನು ಸದ್ಯಕ್ಕೆ ಬಿಡೋಣ ಎಂದುಕೊಂಡರೆ, ಮೊದಲ ಸಲ ತಾಳೆಯಾದ ಪಟ್ಟಿಯ ಪ್ರಕಾರ ಪದ್ಮಕ್ಕನ ಲಾಭ 4,800. ಬಿಟ್ಟ ಮಾರಾಟ ಸೇರಿಸಿ ರಿಪೇರಿ ಕಳೆದರೆ 4,080. ಎರಡೂ ಪಟ್ಟಿ ತಾಳೆಯಾಗುತ್ತವೆ, ಮೊದಲನೆಯದು 67,900ಕ್ಕೆ, ಎರಡನೆಯದು 68,380ಕ್ಕೆ. ಯಾವುದನ್ನು ನಂಬಿ ಪದ್ಮಕ್ಕ ಮಗಳ ಫೀಸು ಕಟ್ಟಬೇಕು?

ತಾಳೆಯಾದ ಲೆಕ್ಕ ಸತ್ಯ ಎಂಬ ನಂಬಿಕೆ ಹಪ್ಪಳದ ವ್ಯಾಪಾರಕ್ಕೆ ಮಾತ್ರ ಅಂಟಿದ್ದಲ್ಲ. ಸತ್ಯಂ ಕಂಪನಿಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಎಡಗಡೆ ಇಲ್ಲದ ದುಡ್ಡು ಬರೆದವರು ಬಲಗಡೆ ಇಲ್ಲದ ಆದಾಯ ಬರೆದರೆ ಮುಗಿಯಿತು, ಸುಳ್ಳಿಗೆ ಸುಳ್ಳು ತಾಳೆಯಾಗುತ್ತದೆ. ಅಂಥದ್ದನ್ನು ಹಿಡಿಯುವುದು ಕೂಡುವುದರಿಂದಲ್ಲ, ಬ್ಯಾಂಕಿನ ಕಾಗದವನ್ನು ನೇರ ಬ್ಯಾಂಕಿನಿಂದಲೇ ತರಿಸಿ ನೋಡುವುದರಿಂದ. ನನ್ನ ಲಕೋಟೆಯ ಚೀಟಿಗಳ ಕೆಲಸವೇ ಅದು.

ನನ್ನ ಮೇಲಿನ ಆಕ್ಷೇಪಗಳಲ್ಲಿ ಒಂದನ್ನು ಒಪ್ಪುತ್ತೇನೆ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಎಂದು ಇನ್ನೂ ತಡವರಿಸುವ ಮಗುವಿನ ಮುಂದೆ ತಪ್ಪು ಲೆಕ್ಕ ಇಡಬಾರದು. ಅದಕ್ಕೆ ತಪ್ಪೇ ಮಾದರಿಯಾಗಿ ಕೂತುಬಿಡುತ್ತದೆ. ನಾನೂ ಮೊದಲ ಎರಡು ತಿಂಗಳು ಶುದ್ಧ ಲೆಕ್ಕಗಳನ್ನೇ ಮಾಡಿಸುತ್ತೇನೆ. ಆಮೇಲೆ, "ಇದರಲ್ಲಿ ಒಂದು ತಪ್ಪಿದೆ" ಎಂದು ಹೇಳಿಯೇ ಕೊಡುತ್ತೇನೆ. ಮುಂದೆ ಎಷ್ಟಿವೆ ಎಂದು ಹೇಳುವುದಿಲ್ಲ. ಆದರೆ ಇದರಲ್ಲಿ ನನಗೆ ಒಂದು ಪೆಟ್ಟು ಬಿತ್ತು. ಒಂದು ಸಲ ತಪ್ಪೇ ಇಲ್ಲದ ಲೆಕ್ಕ ಕೊಟ್ಟೆ. ಏಳು ಹುಡುಗಿಯರಲ್ಲಿ ಮೂವರು ತಪ್ಪು ಕಂಡುಹಿಡಿದರು! ಒಬ್ಬಳಂತೂ ನಾನು ಬರೆದ ಏಳನ್ನು ಒಂದು ಎಂದು ಓದಿ, ಸರಿಯಿದ್ದ ಖಾತೆಯನ್ನು ತಿದ್ದಿ, ಅದು ತಾಳೆ ತಪ್ಪಿದ ಮೇಲೆ ಇನ್ನೊಂದು ಖಾತೆಯನ್ನೂ ತಿದ್ದಿದ್ದಳು. ತಪ್ಪು ಇದ್ದೇ ಇದೆ ಎಂದು ನಂಬಿ ಹೊರಟವರಿಗೆ ಅದು ಸಿಕ್ಕೇ ಸಿಗುತ್ತದೆ, ಸೊಸೆಯ ಅಡುಗೆಯಲ್ಲಿ ಸಿಕ್ಕ ಹಾಗೆ. ಅಂದಿನಿಂದ ನಾಲ್ಕೈದು ಲೆಕ್ಕಕ್ಕೊಂದು ಶುದ್ಧವಾದದ್ದನ್ನು ಬೆರೆಸುತ್ತೇನೆ, ಮತ್ತು ಚೀಟಿ ತೋರಿಸದೆ ಯಾವ ಅಂಕಿಯನ್ನೂ ತಿದ್ದಕೂಡದು ಎಂದು ಕಟ್ಟುಮಾಡಿದ್ದೇನೆ.

ಇನ್ನೊಂದು ಪೆಟ್ಟು ನನ್ನದೇ ಅಜಾಗರೂಕತೆಯಿಂದ. ಒಮ್ಮೆ ಎರಡು ತಪ್ಪು ಬಿತ್ತಿ, ಲೆಕ್ಕ ಬರೆಯುವ ಗಡಿಬಿಡಿಯಲ್ಲಿ ನನಗೇ ಗೊತ್ತಿಲ್ಲದೆ ಮೂರನೆಯದನ್ನೂ ಮಾಡಿದ್ದೆ. ನನ್ನ ಎರಡನ್ನು ಹುಡುಕಿದ ಮೇಲೂ ಪಟ್ಟಿ 90 ರೂಪಾಯಿ ತಪ್ಪುತ್ತಿತ್ತು. ಒಂದೂವರೆ ಗಂಟೆ ಹುಡುಕಿದರು, ನಾನೂ ಹುಡುಕಿದೆ. ಆಮೇಲೆ ಒಬ್ಬಳು ಮೆಲ್ಲಗೆ, "ಟೀಚರ್, ನಗದಿನ ಮೊತ್ತವನ್ನ ಮುಂದಿನ ಪುಟಕ್ಕೆ ತಗೊಂಡು ಹೋಗುವಾಗ ನೀವೇ ತಪ್ಪಿದ್ದೀರಿ ಅನಿಸುತ್ತೆ" ಎಂದಳು. ಈಗ ಮೊದಲು ಪೂರ್ತಿ ಶುದ್ಧವಾದ ಲೆಕ್ಕ ಬರೆದು ತಾಳೆ ನೋಡಿ, ಅದರ ಪ್ರತಿಯಲ್ಲಿ ಮಾತ್ರ ತಪ್ಪು ಸೇರಿಸುತ್ತೇನೆ. ಎಲ್ಲಿ, ಎಷ್ಟು, ಯಾವ ಬದಿ ಎಂಬುದನ್ನು ಬೇರೆ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಆ ನೋಟುಬುಕ್ಕು ದೇವರ ಮನೆಯಲ್ಲಿರುತ್ತದೆ.

"ಈಗೆಲ್ಲ ಕಂಪ್ಯೂಟರ್ ಇದೆ, ಇದೆಲ್ಲ ಯಾಕೆ?" ಎನ್ನುವವರು ಉಳಿದರು. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶ ಈಗ ಸಣ್ಣ ಊರಿನ ಅಂಗಡಿಯಲ್ಲೂ ಇದೆ. ಅದರಲ್ಲಿ ಎಡಬಲ ಸಮವಾಗದ ವೋಚರನ್ನು ಕಂಪ್ಯೂಟರ್ ತೆಗೆದುಕೊಳ್ಳುವುದೇ ಇಲ್ಲ. ಕೂಡುವ ತಪ್ಪು, ಇಳಿಸುವ ತಪ್ಪು ಹೋದವು, ನಿಜ. ಹಳೆಯ ಪುಸ್ತಕದ ಬಾಕಿಗಳನ್ನು ಮೊದಲ ಸಲ ತುಂಬುವಾಗ ಹೆಚ್ಚುಕಡಿಮೆಯಾದರೆ ಮಾತ್ರ ಪರದೆಯ ಮೇಲೆ Difference in opening balances ಎಂದು ಕಾಣಿಸುತ್ತದೆ. ಆದರೆ ಪದ್ಮಕ್ಕನ ನಾಲ್ಕು ತಪ್ಪುಗಳಲ್ಲಿ ಕಂಪ್ಯೂಟರ್ ತಡೆಯುವುದು ಮೊದಲ ಎರಡನ್ನು ಮಾತ್ರ. ಬಿಟ್ಟುಹೋದ 480, ಮನೆ ತಪ್ಪಿದ 1,200 ಹಾಗೇ ಇರುತ್ತವೆ. ಜೊತೆಗೆ 6,400ರ ಚೀಟಿ ನೋಡಿ 4,600 ಎಂದು ಒತ್ತಿದರೆ ಕಂಪ್ಯೂಟರ್ ಅದೇ ತಪ್ಪನ್ನು ಎರಡೂ ಬದಿಗೆ ನಿಷ್ಠೆಯಿಂದ ಬರೆದು ತಾಳೆ ಮಾಡಿಕೊಡುತ್ತದೆ. ಹಿಂದೆ 1,800ರ ವ್ಯತ್ಯಾಸವಾದರೂ ಕೂಗಿ ಹೇಳುತ್ತಿತ್ತು. ಈಗ ಪಟ್ಟಿ ಸುಮ್ಮನಿರುತ್ತದೆ, ಪೆಟ್ಟಿಗೆಯ ದುಡ್ಡು ಎಣಿಸಿದಾಗಲೇ ಗೊತ್ತು. ಹಾಗಾಗಿ ಕಂಪ್ಯೂಟರ್ ಬಂದ ಮೇಲೆ ನಾನು ಬಿತ್ತುವ ತಪ್ಪುಗಳ ಜಾತಿ ಬದಲಾಗಿದೆ, ತಾಳೆ ಕೆಡಿಸುವಂಥವು ಕಡಿಮೆ, ಕೆಡಿಸದಂಥವು ಹೆಚ್ಚು.

ನಮ್ಮ ಊರುಗಳಲ್ಲಿ ಈ ಹುಡುಗಿಯರು ಹೋಗುವ ಕೆಲಸಗಳನ್ನು ನೀವೂ ಬಲ್ಲಿರಿ. ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಸೊಸೈಟಿ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವುದು. ಅಲ್ಲಿ ಪುಸ್ತಕ ತಪ್ಪಿದರೆ ಗಂಡಸಿಗೆ "ಕೆಲಸ ಬರುವುದಿಲ್ಲ" ಎನ್ನುತ್ತಾರೆ, ಹೆಣ್ಣಿಗೆ "ದುಡ್ಡು ಎಲ್ಲಿ ಹೋಯಿತು" ಎನ್ನುತ್ತಾರೆ. ಇದು ನನ್ನ ಕಿವಿಯಾರೆ ಕೇಳಿದ್ದು. ಬಟ್ಟೆ ಅಂಗಡಿಯ ನನ್ನ ಹುಡುಗಿ ಆಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿದಳು, ಲೆಕ್ಕದ ಕೆಲಸಕ್ಕಲ್ಲ. ಲೆಕ್ಕದ ಪುಸ್ತಕ ಮುಟ್ಟುವುದಿಲ್ಲ ಎನ್ನುತ್ತಾಳೆ. ಮಾಲೀಕರಿಗೆ ಆ 810ರ ಸೀರೆಯ ವಿಷಯ ನಾನೇ ಹೋಗಿ ಹೇಳಿದೆ. ಪುಸ್ತಕ ತೆಗೆದು ನೋಡಿದರು, ಗಿರಾಕಿಯಿಂದ ಬರಬೇಕಾದ ಬಾಕಿಯನ್ನು ತಿದ್ದಿಕೊಂಡರು. ಹುಡುಗಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಉಪನ್ಯಾಸಕರಿಗೆ ನನ್ನ ಕೋರಿಕೆ ಇಷ್ಟು. "ಇದು ಸರಿ ಇದೆಯಾ ಸಾರ್" ಎಂದು ಕೇಳಿದ ಮಕ್ಕಳನ್ನು ಗದರಬೇಡಿ, ಚೀಟಿ ತೋರಿಸಿ. ಇಲ್ಲವೇ ಶನಿವಾರ ಸಂಜೆ ಐದು ಗಂಟೆಗೆ ನಮ್ಮ ಜಗಲಿಗೆ ಬನ್ನಿ. ಈ ವಾರದ ಲಕೋಟೆಯಲ್ಲಿ ಇಪ್ಪತ್ತೆರಡು ಚೀಟಿಗಳಿವೆ, ಪಟ್ಟಿ ಎರಡೂ ಬದಿ ತಾಳೆಯಾಗಿದೆ. ಬಣ್ಣದ ಪೆನ್ಸಿಲ್ ಮಾತ್ರ ನೀವೇ ತರಬೇಕು, ನನ್ನ ಹತ್ತಿರ ಇದ್ದವನ್ನೆಲ್ಲ ಹುಡುಗಿಯರು ಮೊಂಡು ಮಾಡಿಟ್ಟಿದ್ದಾರೆ.